ಬೋರಿನಿಂದ ಮನೆಗೆ ಲೋರಾ: ಎಸ್‌ಎಫ್ ಏರಿಸಬೇಕೋ, ಆಂಟೆನಾ ಏರಿಸಬೇಕೋ?

ನಮ್ಮ ಬೋರ್ ಇರುವುದು ತಿಪಟೂರು ಕಡೆಯ ತೆಂಗಿನ ತೋಟದ ಆಚೆ ತುದಿಯಲ್ಲಿ. ಮನೆಗೂ ಅದಕ್ಕೂ ನೇರ ಗೆರೆಯಲ್ಲಿ ಸುಮಾರು 1.2 ಕಿಲೋಮೀಟರ್. ತ್ರೀ ಫೇಸ್ ಕರೆಂಟ್ ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ. ಕರೆಂಟ್ ಬಂತಾ, ಮೋಟರ್ ಓಡ್ತಿದೆಯಾ ಅನ್ನೋದು ಮನೆಯಲ್ಲೇ ಗೊತ್ತಾಗಬೇಕು, ಅಲ್ಲಿಂದಲೇ ಆನ್-ಆಫ್ ಮಾಡಬೇಕು.

ಸಿಮ್ ಹಾಕುವ ಮೊಬೈಲ್ ಸ್ಟಾರ್ಟರನ್ನೂ ಬಳಸಿ ನೋಡಿದ್ದೇನೆ. ಬೆಂಗಳೂರಲ್ಲಿ ಕೂತು ತೋಟದ ಮೋಟರ್ ಓಡಿಸುವವರಿಗೆ ಅದೇ ಸರಿ. ಆದರೆ ನಮ್ಮ ಬೋರ್ ಹತ್ತಿರ ಟವರ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಊರಲ್ಲೇ ಇರುವ ನಮಗೆ, ಕಡಿಮೆ ಶಕ್ತಿಯಲ್ಲೇ ದೂರಕ್ಕೆ ಚಿಕ್ಕ ಸಂದೇಶ ಕಳಿಸುವ ಎರಡು ಲೋರಾ ರೇಡಿಯೋ ಮಾಡ್ಯೂಲ್ ಸಾಕು. 865ರಿಂದ 867 ಮೆಗಾಹರ್ಟ್ಸ್ ಒಳಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡ. ಅಂಗಡಿಯಲ್ಲಿ 433ರ ಮಾಡ್ಯೂಲ್ ಅಗ್ಗಕ್ಕೆ ಸಿಗುತ್ತದೆ, ಹೊಲದ ಕೆಲಸಕ್ಕೆ ಅದನ್ನು ತರಬೇಡಿ.

ಎರಡೂ ಕಡೆ ಹಾಕಿದ ಸೆಟ್ಟಿಂಗ್ ಕೆಳಗಿದೆ. ಇದರಲ್ಲಿ ಸ್ಪ್ರೆಡಿಂಗ್ ಫ್ಯಾಕ್ಟರ್ ಅನ್ನುವುದೇ ಎಸ್‌ಎಫ್. ಅದು ಏರಿದಷ್ಟೂ ಸಂದೇಶ ನಿಧಾನ, ಆದರೆ ಸಿಗ್ನಲ್ ಕ್ಷೀಣವಾಗಿದ್ದರೂ ಓದಲು ಸಿಗುತ್ತದೆ:

```
LoRa.begin(866E6);
LoRa.setSignalBandwidth(125E3);
LoRa.setSpreadingFactor(9);
LoRa.enableCrc();
```

ಮೊದಲು ಆಂಟೆನಾವನ್ನು ಸ್ಟಾರ್ಟರ್ ಪೆಟ್ಟಿಗೆಯ ಹೊರಗೆ, ಆಳೆತ್ತರದಲ್ಲಿ ಕೂರಿಸಿದೆ. (ಪೆಟ್ಟಿಗೆ ಕಬ್ಬಿಣದ್ದು. ಆಂಟೆನಾ ಒಳಗಿದ್ದರೆ ಸಿಗ್ನಲ್ ಆಚೆ ಬರುವುದೇ ಕಷ್ಟ.) ಮನೆ ಕಡೆಯದು ತಾರಸಿ ಮೇಲೆ. ಹೀಗಿಟ್ಟಾಗ ಸಂದೇಶಗಳು ಬರುತ್ತಿದ್ದವು, ತಪ್ಪುತ್ತಿದ್ದವು. ಇಲ್ಲಿ ಸಿಗ್ನಲ್ ಬಲ ಹೇಳುವ RSSI ನೋಡಿ ಏನೂ ತಿಳಿಯುವುದಿಲ್ಲ. ಸಿಗ್ನಲ್ ಗದ್ದಲದ ಮಟ್ಟಕ್ಕಿಂತ ಕೆಳಗೆ ಹೋದ ಮೇಲೆ ಆ ಅಂಕಿ ಹೆಚ್ಚು ಕಡಿಮೆ ಅಲ್ಲೇ ನಿಂತುಬಿಡುತ್ತದೆ. ನೋಡಬೇಕಾದ್ದು SNR, ಅಂದ್ರೆ ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟಿದೆ ಅನ್ನುವುದು. ಎಸ್‌ಎಫ್ 9ಕ್ಕೆ ಅದು ಮೈನಸ್ 12.5 ಡೆಸಿಬೆಲ್‌ವರೆಗೆ ಇಳಿಯಬಹುದು. ನಮ್ಮದು ಮೈನಸ್ 11, 12ರ ಆಸುಪಾಸಿನಲ್ಲೇ ತೂಗಾಡುತ್ತಿತ್ತು. ಅಂದ್ರೆ ಅಂಚಿನಲ್ಲೇ ಇದ್ದೆವು.

ಎಲ್ಲರೂ ಮೊದಲು ಕೊಡುವ ಸಲಹೆ ಎಸ್‌ಎಫ್ 12ಕ್ಕೆ ಏರಿಸಿ ಅಂತ. ಏರಿಸಿದೆ. ಮಿತಿ ಮೈನಸ್ 20ಕ್ಕೆ ಇಳಿಯುತ್ತದೆ, ಏಳೂವರೆ ಡೆಸಿಬೆಲ್ ಲಾಭ. ಸಂದೇಶ ತಪ್ಪುವುದು ನಿಂತಿತು. ಆದರೆ ಹತ್ತು ಬೈಟಿನ ಸಂದೇಶ ಎಸ್‌ಎಫ್ 9ರಲ್ಲಿ ಗಾಳಿಯಲ್ಲಿ ಇರುವುದು ಸೆಕೆಂಡಿನ ಏಳನೇ ಒಂದು ಭಾಗ, ಎಸ್‌ಎಫ್ 12ರಲ್ಲಿ ಪೂರಾ ಒಂದು ಸೆಕೆಂಡ್. ಆಜ್ಞೆಗೊಂದು, ಉತ್ತರಕ್ಕೊಂದು ಅಂತ ಎರಡು ಸೆಕೆಂಡ್. ಅದನ್ನಾದರೂ ಸಹಿಸಬಹುದು. ಆದರೆ ಮಳೆ ಬಂದು ಗರಿಗಳೆಲ್ಲ ನೆನೆದಾಗ SNR ಮೈನಸ್ 17ಕ್ಕೆ ಹೋಯಿತು. ಗಳಿಸಿದ್ದರಲ್ಲಿ ಮುಕ್ಕಾಲು ಪಾಲು ಒಂದೇ ಮಳೆಗೆ ಹೋಯಿತು ಅಲ್ವಾ?

ಆಮೇಲೆ ಎಸ್‌ಎಫ್ ಅನ್ನು 9ಕ್ಕೇ ಇಳಿಸಿ, ಆಂಟೆನಾವನ್ನು ಜಿಐ ಪೈಪಿನ ಮೇಲೆ 6 ಮೀಟರ್ ಎತ್ತರಕ್ಕೆ ಕಟ್ಟಿದೆ. SNR ನೇರ ಪ್ಲಸ್ 5ಕ್ಕೆ ಬಂತು. ಮಿತಿಗಿಂತ 17 ಡೆಸಿಬೆಲ್ ಮೇಲೆ. ಮಳೆಯಲ್ಲೂ ಸೊನ್ನೆಗಿಂತ ಕೆಳಗೆ ಹೋಗಲಿಲ್ಲ. ಕಾರಣ ಇದೆ: 866 ಮೆಗಾಹರ್ಟ್ಸ್‌ನಲ್ಲಿ 1.2 ಕಿಲೋಮೀಟರ್ ದಾಟಬೇಕಾದರೆ ನಡು ದಾರಿಯಲ್ಲಿ ಗೆರೆಯ ಸುತ್ತ ಸುಮಾರು 6 ಮೀಟರ್ ಆದರೂ ಖಾಲಿ ಜಾಗ ಬೇಕು. ಆಳೆತ್ತರದಲ್ಲಿ ನೆಲ, ಬೇಲಿ, ನಡುವೆ ಹಾಕಿದ ಬಾಳೆ ಎಲ್ಲವೂ ಅಡ್ಡ ಬರುತ್ತವೆ.

ಇನ್ನಷ್ಟು ಏರಿಸಿದರೆ ಇನ್ನಷ್ಟು ಲಾಭ ಅಂದುಕೊಳ್ಳಬೇಡಿ. ಇನ್ನೊಂದು ಪೈಪ್ ಜೋಡಿಸಿ ನೋಡಿದಾಗ ನಾಲ್ಕೈದು ಡೆಸಿಬೆಲ್ ಕಡಿಮೆಯಾಯಿತು. ಹಳೇ ತೆಂಗಿನ ತೋಟದಲ್ಲಿ ಬಾಳೆಯ ಮೇಲೆ, ಗರಿಗಳ ಕೆಳಗೆ ಬರೀ ಬೊಡ್ಡೆಗಳಿರುವ ತೆರಪು ಇರುತ್ತದೆ. ಸಿಗ್ನಲ್ ಸಲೀಸಾಗಿ ಹೋಗುವುದು ಅಲ್ಲಿ. ಗರಿಗಳ ಮಟ್ಟಕ್ಕೆ ಹೋದರೆ ಎಲೆಯೇ ಅಡ್ಡ. ಎಳೇ ತೋಟವಾದರೆ ಆ ತೆರಪೇ ಇರುವುದಿಲ್ಲ, ಗರಿ ದಾಟಿ ಮೇಲೆ ಹೋಗಬೇಕು.

ಪೈಪ್ ಮೇಲಕ್ಕೆ ಏನನ್ನು ಕಳಿಸಬೇಕು ಅನ್ನುವುದರಲ್ಲೂ ಎರಡು ದಾರಿ ಇವೆ. ರೇಡಿಯೋ ಕೆಳಗಿಟ್ಟು, ಆರ್‌ಜಿ 58 ಕೇಬಲ್ ಎಳೆದು ಆಂಟೆನಾ ಮಾತ್ರ ಮೇಲಿಡುವುದು ಒಂದು. ಈ ಕೇಬಲ್ ಹತ್ತು ಮೀಟರಿಗೆ ಸುಮಾರು 5 ಡೆಸಿಬೆಲ್ ನುಂಗುತ್ತದೆ. ಅಂದ್ರೆ ಮೂರರಲ್ಲಿ ಎರಡು ಪಾಲು ಶಕ್ತಿ ಕೇಬಲ್ಲಿನಲ್ಲೇ ಹೋಯಿತು. ನಾನು ಉಳಿಸಿಕೊಂಡಿದ್ದು ಎರಡನೆಯದನ್ನು: ರೇಡಿಯೋವನ್ನೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೇಲೆ ಕಟ್ಟಿ, ಕೆಳಗೆ 12 ವೋಲ್ಟ್ ಮತ್ತು ಆರ್‌ಎಸ್ 485 ಡೇಟಾ ತಂತಿ ಇಳಿಸಿದ್ದೇನೆ. ಇದರಿಂದ ಇನ್ನೊಂದು ಉಪಯೋಗವೂ ಆಯಿತು. ಸ್ಟಾರ್ಟರಿನ ಕಾಂಟ್ಯಾಕ್ಟರ್ ಬಿಡುವಾಗ ಅದರ ಕಾಯಿಲ್‌ನಿಂದ ಬರುವ ಹೊಡೆತಕ್ಕೆ ಬೋರ್ಡ್ ರೀಸೆಟ್ ಆಗುತ್ತದೆ. ರೇಡಿಯೋ ದೂರ ಇದ್ದಷ್ಟೂ ಆ ಕಾಟ ಕಡಿಮೆ. ಕಾಯಿಲ್‌ಗೆ ಅಡ್ಡಲಾಗಿ ಆ ಹೊಡೆತ ತಗ್ಗಿಸುವ ಸ್ನಬರ್ ಹಾಕುವುದನ್ನು ಮಾತ್ರ ಬಿಡಬೇಡಿ.

ಲಿಂಕ್ ಎಷ್ಟೇ ಗಟ್ಟಿ ಇದ್ದರೂ ಒಂದಲ್ಲ ಒಂದು ದಿನ ಕಡಿಯುತ್ತದೆ. ಅದಕ್ಕೆ ನಮ್ಮ ಮನೆಯಿಂದ ಹೋಗುವ ಆಜ್ಞೆ ಬರೀ 'ಆನ್' ಅಲ್ಲ, 'ಹತ್ತು ನಿಮಿಷ ಓಡು' ಅಂತ. ಐದು ನಿಮಿಷಕ್ಕೊಮ್ಮೆ ಮನೆಯ ಡಬ್ಬಿ ಅದನ್ನೇ ಮತ್ತೆ ಕಳಿಸುತ್ತದೆ. ಹೊಸ ಆಜ್ಞೆ ಬಾರದಿದ್ದರೆ ಮೋಟರ್ ತಾನೇ ನಿಲ್ಲುತ್ತದೆ. ಮನೆಯ ಹಸಿರು ದೀಪ ಹತ್ತುವುದು ಆಜ್ಞೆ ತಲುಪಿದ್ದಕ್ಕಲ್ಲ, ಮೋಟರಿನ ತಂತಿಗೆ ಹಾಕಿದ ಸಿಟಿ ಕಾಯಿಲ್ ಕರೆಂಟ್ ಹರಿಯುತ್ತಿದೆ ಅಂತ ಹೇಳಿದ ಮೇಲೆ.