ಟೆಂಡರ್‌ನಿಂದ ಬಿಜಿ ವಿವರ ಎತ್ತಿಕೊಡುವ ಸಾಫ್ಟ್‌ವೇರ್: ಎರಡು ವರ್ಷ ಬಳಸಿದ ಮೇಲೆ

ನಾನು ರಸ್ತೆ ಮತ್ತು ಕುಡಿಯುವ ನೀರಿನ ಕಾಮಗಾರಿ ಮಾಡುವ ಗುತ್ತಿಗೆ ಸಂಸ್ಥೆಯೊಂದರ ಹಣಕಾಸು ವಿಭಾಗದಲ್ಲಿದ್ದೇನೆ. ಟೆಂಡರ್ ಪಿಡಿಎಫ್ ಹಾಕಿದರೆ ಬ್ಯಾಂಕ್ ಗ್ಯಾರಂಟಿಯ, ಅಂದರೆ ಬಿಜಿಯ ಮೊತ್ತ, ವ್ಯಾಲಿಡಿಟಿ, ಕ್ಲೇಮ್ ಅವಧಿ ಮೂರನ್ನೂ ತೆಗೆದು ಎಕ್ಸೆಲ್‌ಗೆ ಕೊಡುವ ಸಾಫ್ಟ್‌ವೇರ್ ನಮ್ಮಲ್ಲಿ ಎರಡು ವರ್ಷದಿಂದ ಇದೆ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ.

ಮೊತ್ತದ ವಿಷಯದಲ್ಲಿ ದೂರಿಲ್ಲ. ಅಂದಾಜು ಮೊತ್ತ 6 ಕೋಟಿ 40 ಲಕ್ಷ, ಬಿಡ್ ಜೊತೆ ಇಡಬೇಕಾದ ಠೇವಣಿ ಅಂದರೆ ಇಎಂಡಿ ಶೇಕಡ 2 ಎಂದಿದ್ದರೆ 12.80 ಲಕ್ಷ ಎಂದು ಲೆಕ್ಕ ಹಾಕಿ, ಆ ಷರತ್ತು ಇರುವ ಪುಟದ ಸಂಖ್ಯೆಯನ್ನೂ ಪಕ್ಕದಲ್ಲೇ ತೋರಿಸುತ್ತದೆ. ನಾನು ಇದನ್ನು ಇನ್ನೂ ಇಟ್ಟುಕೊಂಡಿರುವುದೇ ಆ ಪುಟ ಸಂಖ್ಯೆಗಾಗಿ. ಇನ್ನೂರು ಪುಟ ತಿರುವಿ ಹಾಕುವ ಬದಲು ನೇರವಾಗಿ ಆ ಸಾಲಿಗೆ ಹೋಗಿ ಕಣ್ಣಾರೆ ನೋಡಬಹುದು.

ವ್ಯಾಲಿಡಿಟಿ ಹಾಗಲ್ಲ. ಟೆಂಡರ್‌ನಲ್ಲಿ ಅದು ದಿನಾಂಕವಾಗಿ ಇರುವುದು ಅಪರೂಪ. ‘ಬಿಡ್ ಸಲ್ಲಿಸಲು ಕೊನೆಯ ದಿನದಿಂದ 120 ದಿನ ಬಿಡ್ ಊರ್ಜಿತ’ ಎಂದು ಒಂದು ಕಡೆ, ‘ಇಎಂಡಿ ಗ್ಯಾರಂಟಿ ಅದಕ್ಕಿಂತ 45 ದಿನ ಹೆಚ್ಚು ಊರ್ಜಿತವಾಗಿರಬೇಕು’ ಎಂದು ಇನ್ನೊಂದು ಕಡೆ ಇರುತ್ತದೆ. ಎರಡನ್ನೂ ಕೂಡಿಸಿದರೆ 165 ದಿನ. ಮೊದಲ ವರ್ಷ ಇದು ಬರೀ 120 ಎಂದು ತೋರಿಸುತ್ತಿತ್ತು. ದೂರು ಕೊಟ್ಟ ಮೇಲೆ ಸರಿಪಡಿಸಿದರು.

ಆದರೂ ಕಳೆದ ವರ್ಷ ನಮ್ಮ ಕೈ ಸುಡುವುದರಲ್ಲಿತ್ತು. ಟೆಂಡರ್‌ನ ಕೊನೆಯ ದಿನ ಜೂನ್ 10. ಸಾಫ್ಟ್‌ವೇರ್ 165 ದಿನ ಕೂಡಿಸಿ ನವೆಂಬರ್ 22 ಎಂದಿತು. ಬ್ಯಾಂಕಿಗೆ ಅರ್ಜಿ ಹೋಗುವ ಮೊದಲು ಸೈಟ್ ಎಂಜಿನಿಯರ್ ಫೋನ್ ಮಾಡಿ, “ಮೇಡಂ, ಕೊನೇ ದಿನ ಮುಂದಕ್ಕೆ ಹೋಗಿದೆ, ತಿದ್ದುಪಡಿ ನೋಡಿದ್ರಾ?” ಎಂದರು. ತಿದ್ದುಪಡಿ ಪ್ರಕಟಣೆಯ ಪ್ರಕಾರ ಕೊನೆಯ ದಿನ ಜೂನ್ 24. ಹಾಗಾದರೆ ಗ್ಯಾರಂಟಿ ಡಿಸೆಂಬರ್ 6ರವರೆಗೆ ಬೇಕು. ಹದಿನಾಲ್ಕು ದಿನ ಕಡಿಮೆ ಇರುವ ಬಿಜಿ ಇಟ್ಟಿದ್ದರೆ ತಾಂತ್ರಿಕ ಬಿಡ್ ಹಂತದಲ್ಲೇ ನಾವು ಹೊರಗೆ.

ತಿದ್ದುಪಡಿಯ ಪಿಡಿಎಫ್ಅನ್ನೂ ನಾನು ಸಾಫ್ಟ್‌ವೇರ್‌ಗೆ ಹಾಕಿದ್ದೆ. ಅದು ಹಳೆಯ ನುಡಿ ಫಾಂಟಿನಲ್ಲಿ ಟೈಪಾಗಿತ್ತು. ತೆರೆದರೆ ಕಣ್ಣಿಗೆ ಅಚ್ಚ ಕನ್ನಡ, ಆದರೆ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಗೋಜಲು. ಸಾಫ್ಟ್‌ವೇರ್‌ಗೆ ಕಂಡದ್ದು ಆ ಗೋಜಲೇ. ಓದಲಾಗಲಿಲ್ಲ ಎಂದೂ ಹೇಳದೆ ಸುಮ್ಮನೆ ಬಿಟ್ಟುಬಿಟ್ಟಿತು. ನನಗೆ ಸಿಟ್ಟು ಬಂದದ್ದು ಆ ಮೌನಕ್ಕೆ. ಈಗ ಪ್ರತಿ ಕನ್ನಡ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ ನೋಡುತ್ತೇನೆ. ಕನ್ನಡ ಬಾರದಿದ್ದರೆ ಆ ಕಡತವನ್ನು ನಾನೇ ಕೂತು ಓದುತ್ತೇನೆ.

ಇನ್ನು ಕ್ಲೇಮ್ ಅವಧಿ. ವ್ಯಾಲಿಡಿಟಿಯೊಳಗೆ ಆದ ಲೋಪಕ್ಕೆ, ವ್ಯಾಲಿಡಿಟಿ ಮುಗಿದ ಮೇಲೂ ಇಲಾಖೆ ಬ್ಯಾಂಕಿನಲ್ಲಿ ಹಣ ಕೇಳಬಹುದಾದ ಹೆಚ್ಚುವರಿ ಕಾಲ ಅದು. ನಾನು ಕಂಡ ಬಹಳಷ್ಟು ಟೆಂಡರ್‌ಗಳಲ್ಲಿ ಇದು ಷರತ್ತುಗಳ ಭಾಗದಲ್ಲಿ ಇರುವುದೇ ಇಲ್ಲ. ಕೊನೆಯಲ್ಲಿರುವ ಗ್ಯಾರಂಟಿ ನಮೂನೆಯ ಕಡೇ ಪ್ಯಾರಾದಲ್ಲಿ ಒಂದು ಸಾಲಾಗಿ ಅಡಗಿರುತ್ತದೆ. ಸಾಫ್ಟ್‌ವೇರ್ ಮೊದಮೊದಲು ಆ ಕಾಲಂನಲ್ಲಿ ವ್ಯಾಲಿಡಿಟಿಯ ದಿನಾಂಕವನ್ನೇ ಮತ್ತೆ ತುಂಬುತ್ತಿತ್ತು. ಈಗ ನಮೂನೆಯನ್ನೂ ಓದುತ್ತದೆ, ಸಿಗದಿದ್ದರೆ ಖಾಲಿ ಬಿಡುತ್ತದೆ. ಖಾಲಿ ಬಿಟ್ಟರೆ ನಾನು ಹುಡುಕುತ್ತೇನೆ, ತಪ್ಪು ತುಂಬಿದರೆ ನಂಬಿಬಿಡುತ್ತೇನೆ.

ಇದರಿಂದ ಹಣ ಉಳಿದದ್ದೂ ಇದೆ. ಕೊನೆಯ ದಿನ ಮುಂದಕ್ಕೆ ಹೋಗಿದ್ದ ಆ ಕಾಮಗಾರಿ ನಮಗೇ ಸಿಕ್ಕಿತು. ಕೆಲಸ ಸರಿಯಾಗಿ ಮುಗಿಸುತ್ತೇವೆ ಎಂಬುದಕ್ಕೆ ಕೊಡುವ ಪರ್ಫಾರ್ಮೆನ್ಸ್ ಗ್ಯಾರಂಟಿ ಶೇಕಡ 5ರಂತೆ 32 ಲಕ್ಷ, ನಮೂನೆಯಲ್ಲಿ ಕ್ಲೇಮ್ ಅವಧಿ 3 ತಿಂಗಳು. ಬ್ಯಾಂಕಿನವರು 12 ತಿಂಗಳು ಕಡ್ಡಾಯ ಎಂದರು. ಕರಾರು ಕಾಯ್ದೆಯ 28ನೇ ಕಲಮಿನ ಮೂರನೇ ವಿನಾಯಿತಿಯನ್ನು ಬ್ಯಾಂಕುಗಳು ಹಾಗೆ ಅರ್ಥ ಮಾಡಿಕೊಂಡಿದ್ದವು. ಆದರೆ ಆ ವಿನಾಯಿತಿ ಹೇಳುವುದು ಹಕ್ಕು ಜಾರಿಗೆ ನ್ಯಾಯಾಲಯಕ್ಕೆ ಹೋಗುವ ಅವಧಿಯ ಬಗ್ಗೆ, ಕ್ಲೇಮ್ ಅವಧಿಯ ಬಗ್ಗೆ ಅಲ್ಲ ಎಂದು ದೆಹಲಿ ಹೈಕೋರ್ಟ್ 2021ರಲ್ಲಿ ಹೇಳಿದೆ. ನಮೂನೆಯ ಪುಟ ಮತ್ತು ಆ ತೀರ್ಪು ಎರಡನ್ನೂ ಮುಂದಿಟ್ಟೆವು. ಅವರ ಕಾನೂನು ವಿಭಾಗ ನೋಡಿ 3 ತಿಂಗಳಿಗೆ ಒಪ್ಪಿತು. ನಮಗೆ ಕಮಿಷನ್ ವರ್ಷಕ್ಕೆ ಶೇಕಡ 1.5, ಕ್ಲೇಮ್ ಅವಧಿಗೂ ಸೇರಿ. ಒಂಬತ್ತು ತಿಂಗಳಿಗೆ 36,000, ಜಿಎಸ್‌ಟಿ ಸೇರಿ 42,480 ರೂಪಾಯಿ ಉಳಿಯಿತು. ಬಿಜಿಗೆ ಭದ್ರತೆಯಾಗಿ ಬ್ಯಾಂಕಿನಲ್ಲಿಟ್ಟ ಮಾರ್ಜಿನ್ ಎಫ್‌ಡಿ ಒಂಬತ್ತು ತಿಂಗಳು ಮೊದಲೇ ಕೈಗೆ ಬರುತ್ತದೆ.

ಈ ವರ್ಷವೂ ಚಂದಾ ನವೀಕರಿಸಿದ್ದೇವೆ. ಓದಲಾಗದ ಪುಟಗಳ ಪಟ್ಟಿಯನ್ನು ಕೆಂಪಿನಲ್ಲಿ ತೋರಿಸಿ ಎಂದು ಕಂಪನಿಗೆ ಮೂರು ಸಲ ಬರೆದಿದ್ದೇನೆ. ಅದು ಬಂದ ದಿನ ಇನ್ನೊಂದು ಅಂಕ ಸೇರಿಸುತ್ತೇನೆ.