ಎಂಟು ಬಿಟ್‌ನಲ್ಲಿ ಓವರ್‌ಫ್ಲೋ ಹಿಡಿಯಲು ಮೂರು ದಾರಿ: ನನಗೆ ಯಾವುದು ಎಲ್ಲಿ ಸರಿಬಂತು

ಮಂಗಳೂರಿನ ನಮ್ಮ ಡಿಪ್ಲೊಮಾ ಲ್ಯಾಬ್‌ನಲ್ಲಿ ನಾಲ್ಕು ಬಿಟ್ ಕೂಡಿಸುವ 7483 ಚಿಪ್ ಎರಡನ್ನು ಜೋಡಿಸಿ ಎಂಟು ಬಿಟ್ ಕೂಡಿಸುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ: "ಮೇಡಂ, ಕ್ಯಾರಿ ಎಲ್‌ಇಡಿ ಹತ್ತಿತಲ್ಲ, ಓವರ್‌ಫ್ಲೋ ಅಲ್ವಾ?"

ಅಲ್ಲ. ಎಡತುದಿಯಿಂದ ಹೊರಗೆ ಬೀಳುವ ಒಂದು ಕ್ಯಾರಿ. ಚಿಹ್ನೆಯಿರುವ ಎಂಟು ಬಿಟ್‌ನಲ್ಲಿ ‑128ರಿಂದ 127ರ ತನಕ ಮಾತ್ರ ಜಾಗ, ಉತ್ತರ ಅದರಾಚೆ ಹೋದರೆ ಓವರ್‌ಫ್ಲೋ. 100 ಅಂದರೆ 01100100. ‑50 ಬೇಕಾದರೆ 50ರ (00110010) ಬಿಟ್‌ಗಳನ್ನೆಲ್ಲ ತಿರುಗಿಸಿ ಒಂದು ಕೂಡಿಸಬೇಕು: 11001110. ಇವೆರಡನ್ನು ಕೂಡಿಸಿದರೆ 00110010, ಅಂದರೆ 50. ಉತ್ತರ ಸರಿಯೇ ಇದೆ, ಆದರೂ ಕ್ಯಾರಿ ಹೊರಗೆ ಬಂದಿದೆ. ಅದೇ 100ಕ್ಕೆ 50 ಕೂಡಿಸಿ ನೋಡಿ. 10010110 ಬರುತ್ತದೆ, ಅದನ್ನು ಓದಿದರೆ ‑106. ಇಲ್ಲಿ ಉತ್ತರ ಪೂರ್ತಿ ತಪ್ಪು, ಆದರೆ ಕ್ಯಾರಿ ಇಲ್ಲವೇ ಇಲ್ಲ.

ಹಾಗಾದರೆ ಹಿಡಿಯುವುದು ಹೇಗೆ? ಪೇಪರ್ ಮೇಲೆ ನನಗೆ ಚಿಹ್ನೆ ನೋಡುವ ದಾರಿಯೇ ಇಷ್ಟ. ಎಡತುದಿಯ ಬಿಟ್ಟೇ ಚಿಹ್ನೆ, 1 ಇದ್ದರೆ ನೆಗೆಟಿವ್. ಕೂಡಿಸುವ ಎರಡರ ಚಿಹ್ನೆ ಒಂದೇ ಆಗಿದ್ದು, ಉತ್ತರದ್ದು ಬೇರೆಯಾದರೆ ಓವರ್‌ಫ್ಲೋ. ಒಂದು ಪಾಸಿಟಿವ್, ಒಂದು ನೆಗೆಟಿವ್ ಇದ್ದರೆ ನೋಡುವುದೇ ಬೇಡ, ಅಲ್ಲಿ ಓವರ್‌ಫ್ಲೋ ಆಗುವುದಿಲ್ಲ.

ಬ್ರೆಡ್‌ಬೋರ್ಡ್‌ನಲ್ಲಿ ಇದಕ್ಕೆ XOR ಗೇಟಿನ 7486, AND ಗೇಟಿನ 7408 ಎರಡೂ ಬೇಕು. ಪುಸ್ತಕದ ಇನ್ನೊಂದು ದಾರಿ, ಎಡತುದಿಯ ಬಿಟ್‌ಗೆ ಒಳಬರುವ ಕ್ಯಾರಿ ಮತ್ತು ಅಲ್ಲಿಂದ ಹೊರಹೋಗುವ ಕ್ಯಾರಿ ಬೇರೆಯೇ ಎಂದು ನೋಡುವುದು. ಕೇಳಲು ಸುಲಭ. ಆದರೆ ಒಳಬರುವ ಕ್ಯಾರಿ 7483ರ ಹೊಟ್ಟೆಯೊಳಗೇ ಇರುತ್ತದೆ, ಅದಕ್ಕೆ ಪಿನ್ನೇ ಇಲ್ಲ. ಅದನ್ನು ಹೊರಗಿನಿಂದ ಹೀಗೆ ಪಡೆಯಬಹುದು: ಕೂಡಿಸುವ ಎರಡರ ಮತ್ತು ಉತ್ತರದ ಎಡತುದಿಯ ಬಿಟ್ಟುಗಳಾದ a7, b7, s7 ಮೂರನ್ನೂ XOR ಮಾಡಿದರೆ ಸಿಗುವುದು ಅದೇ ಕ್ಯಾರಿ. ಅದನ್ನು ಹೊರಹೋಗುವ ಕ್ಯಾರಿ ಜೊತೆ ಮತ್ತೆ XOR ಮಾಡಿ, 1 ಬಂದರೆ ಓವರ್‌ಫ್ಲೋ. ಒಟ್ಟು ಮೂರು ಗೇಟ್, ಒಂದೇ 7486ರಲ್ಲಿ ಮುಗಿಯುತ್ತದೆ. ಬೋರ್ಡ್ ಮೇಲೆ ನನ್ನ ಓಟು ಇದಕ್ಕೇ.

ಮೂರನೆಯದು, ಕೂಡಿಸುವ ಮೊದಲೇ ಜಾಗ ಅಗಲ ಮಾಡುವುದು. ಚಿಹ್ನೆಯ ಬಿಟ್ಟನ್ನೇ ಎಡಕ್ಕೆ ಇನ್ನೊಮ್ಮೆ ಬರೆಯಬೇಕು:

```
  1 10011100   (-100)
+ 1 11001110   (-50)
= 1 01101010   (-150)
```

ಇಲ್ಲಿ ಹೊರಬಂದ ಕ್ಯಾರಿಯನ್ನು ಬಿಟ್ಟುಬಿಡಿ. ಎಡಗಡೆಯ ಎರಡು ಬಿಟ್ 1 ಮತ್ತು 0, ಬೇರೆ ಬೇರೆ. ಅಂದರೆ ಎಂಟು ಬಿಟ್‌ಗೆ ಇದು ಹಿಡಿಸಲಿಲ್ಲ. ಸರಿಯಾದ ಉತ್ತರವೂ ಕೈಯಲ್ಲೇ ಇದೆ, ಉಳಿದೆರಡು ದಾರಿಯಲ್ಲಿ ಅದು ಸಿಗುವುದಿಲ್ಲ. ಆದರೆ ಎಡಕ್ಕೆ ಸುಮ್ನೆ ಸೊನ್ನೆ ಹಾಕಿದರೆ ‑100 ಹೋಗಿ 156 ಆಗಿಬಿಡುತ್ತದೆ. ಬೋರ್ಡ್‌ನಲ್ಲಿ ಇದಕ್ಕೆ ಮೂರನೇ 7483 ಬೇಕು, ಅಲ್ಲಿ ಇದು ದುಬಾರಿ.

C ಯಲ್ಲಿ ಮಾತ್ರ ಕಣ್ಣುಮುಚ್ಚಿ ಇದನ್ನೇ ಆರಿಸಿಕೊಳ್ಳುತ್ತೇನೆ. int8_t ಕೂಡಿಸುವಾಗ C ತಾನೇ ಅವನ್ನು int ಆಗಿ ಅಗಲ ಮಾಡುತ್ತದೆ, ಚಿಹ್ನೆಯನ್ನೂ ಉಳಿಸುತ್ತದೆ:

```
int s = a + b;
if (s > 127 || s < -128) overflow = 1;
```

int64_t ಗೆ ಈ ಉಪಾಯ ನಡೆಯುವುದಿಲ್ಲ, ಅದಕ್ಕಿಂತ ಅಗಲದ ಟೈಪ್ ಎಲ್ಲ ಕಂಪೈಲರ್‌ನಲ್ಲೂ ಇರುವುದಿಲ್ಲ. ಅಲ್ಲಿ ನಾನು ಮತ್ತೆ ಚಿಹ್ನೆ ನೋಡುವ ದಾರಿಗೇ ಬರುತ್ತೇನೆ. ಕೂಡಿಸುವುದನ್ನು ಮಾತ್ರ uint64_t ಯಲ್ಲಿ ಮಾಡಿ. ಚಿಹ್ನೆಯಿರುವ ಟೈಪ್‌ನಲ್ಲೇ ಓವರ್‌ಫ್ಲೋ ಆದರೆ ಮುಂದೇನು ಎಂದು C ನಿಯಮ ಹೇಳುವುದಿಲ್ಲ, ನಿಮ್ಮ ಪರೀಕ್ಷೆಯ ಸಾಲನ್ನೇ ಕಂಪೈಲರ್ ತೆಗೆದುಹಾಕಬಹುದು.