ದಿನಕ್ಕೆ 500 ಗ್ಯಾರಂಟಿ ಅಂದರೆ ನಂಬಿ ಕೂರಬೇಡಿ, ಮೊದಲು ಲೆಕ್ಕ ಕೇಳಿ

ಪೀಣ್ಯ ಕಡೆ ಪೀಸ್ ರೇಟಿಗೆ ಗಾರ್ಮೆಂಟ್ಸ್ ಕೆಲಸ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ನನಗೆ ಆದದ್ದು ನಿಮಗೆ ಆಗಬಾರದು.

ನಾನು ಕಾಲರ್ ಅಟ್ಯಾಚ್ ಮಾಡುವ ಟೈಲರ್. ಸೇರುವಾಗ ಹೇಳಿದ್ದು ಇಷ್ಟು: ಪೀಸಿಗೆ 4 ರೂಪಾಯಿ, ಎಷ್ಟೇ ಕಮ್ಮಿ ಹೊಲಿದರೂ ದಿನಕ್ಕೆ 500 ಗ್ಯಾರಂಟಿ, ರಿಜೆಕ್ಟ್ ಆದ ಪೀಸಿಗೆ ದುಡ್ಡಿಲ್ಲ, ಶನಿವಾರ ಬಟವಾಡೆ. ಎಲ್ಲ ಕಡೆ ಇರುವ ಮಾತೇ, ಅಲ್ವಾ? ಒಪ್ಪಿಕೊಂಡೆ.

ಆ ವಾರ ನಾಲ್ಕು ದಿನ ಫೀಡಿಂಗ್ ಚೆನ್ನಾಗಿತ್ತು. ದಿನಕ್ಕೆ 180 ಪೀಸ್, ಅಂದರೆ 720 ರೂಪಾಯಿ. ಇನ್ನೆರಡು ದಿನ ಕಟಿಂಗ್‌ನಿಂದ ಬಂಡಲ್ಲೇ ಬರಲಿಲ್ಲ. ಮೆಷಿನ್ ಮುಂದೆ ಸುಮ್ನೆ ಕೂತಿದ್ದೆವು, ಸಿಕ್ಕಿದ್ದು ದಿನಕ್ಕೆ 60 ಪೀಸ್, 240 ರೂಪಾಯಿ. ಗ್ಯಾರಂಟಿ ಇರುವುದೇ ಇಂಥ ದಿನಕ್ಕೆ ತಾನೆ? ನನ್ನ ಲೆಕ್ಕದಲ್ಲಿ ನಾಲ್ಕು ದಿನದ್ದು 2,880, ಎರಡು ದಿನದ್ದು 1,000, ಒಟ್ಟು 3,880.

ಶನಿವಾರ ಕೈಗೆ ಬಂದದ್ದು 2,000. ಕವರ್ ಎರಡು ಸಲ ಎಣಿಸಿದೆ. ಹಿಂದೆ ಇಡೀ ಲೈನ್ ನಿಂತಿತ್ತು. ಮುಖವೆಲ್ಲ ಬಿಸಿಯಾಯಿತು.

ಕೇಳಿದೆ. ಇನ್‌ಚಾರ್ಜ್ ಹೇಳಿದ್ದು, "ನೋಡಮ್ಮ, ಗ್ಯಾರಂಟಿ ವಾರದ ಲೆಕ್ಕ. ಆರು ದಿನಕ್ಕೆ 3,000. ನೀನು ಹೊಲಿದಿರೋದೇ 3,360. ಜಾಸ್ತಿನೇ ಆಯ್ತಲ್ಲ, ಇನ್ನೆಲ್ಲಿ ಗ್ಯಾರಂಟಿ?" ಅಂದರೆ ನಾಲ್ಕು ದಿನ ಸೊಂಟ ಮುರಿದು ಹೊಲಿದದ್ದು ಅವರು ಕೆಲಸ ಕೊಡದ ಎರಡು ದಿನಕ್ಕೆ ವಜಾ! ದಿನಕ್ಕೆ ಅಂತ ಹೇಳಿದ್ದು ನೀವೇ ಅಲ್ವಾ ಸಾರ್ ಅಂದರೆ, "ಎಲ್ಲರಿಗೂ ಹೀಗೇ" ಅಂದರು.

ಸರಿ, 3,360 ಆದರೂ ಕೊಡಬೇಕಲ್ಲ. ಅಲ್ಲಿ 40 ಪೀಸ್ ರಿಜೆಕ್ಟ್ ತೋರಿಸಿದರು. ಹೊಲಿಗೆ ಕೂಲಿ 160 ಕಟ್. ಅದು ಮಾತಾದದ್ದೇ. ಅದರ ಮೇಲೆ "ಡ್ಯಾಮೇಜ್" ಅಂತ ಪೀಸಿಗೆ 30 ರೂಪಾಯಿ, ಒಟ್ಟು 1,200 ಕಟ್. ಇದನ್ನು ಸೇರುವಾಗ ಯಾರೂ ಬಾಯಿ ಬಿಟ್ಟಿರಲಿಲ್ಲ. 3,000ಕ್ಕಿಂತ ಕೆಳಗೆ ಹೋಯಿತಲ್ಲ ಸಾರ್, ನಿಮ್ಮ ವಾರದ ಗ್ಯಾರಂಟಿನೂ ಇಲ್ವಾ? "ಗ್ಯಾರಂಟಿ ದುಡ್ಡು ಹಿಡಿಯೋಕೆ ಮುಂಚೆ ನೋಡೋದು."

ಆ ಪೀಸುಗಳನ್ನು ತೋರಿಸಿ ಎಂದು ಹಟ ಹಿಡಿದೆ. ಎಲ್ಲದರ ಮೇಲೂ ಕೆಂಪು ಬಾಣದ ಸ್ಟಿಕ್ಕರ್, ಬೆನ್ನಿನ ಕಡೆ, ಕಾಲರ್ ಕೆಳಗೆ ನೆರಿಗೆ. ಟೇಪ್ ಇಟ್ಟು ಅಳೆದೆ. ಕತ್ತಿನ ಸುತ್ತಳತೆ ಕಾಲರ್‌ಗಿಂತ ಅರ್ಧ ಇಂಚು ದೊಡ್ಡದು! ಎಲ್ಲ ಒಂದೇ ಬಂಡಲಿನವು. ಹೊಲಿಗೆಯ ತಪ್ಪಾದರೆ ಒಂದು ಪೀಸಲ್ಲಿ ಇದ್ದು ಇನ್ನೊಂದರಲ್ಲಿ ಇರುವುದಿಲ್ಲ, ಒಂದೊಂದರಲ್ಲಿ ಒಂದೊಂದು ಜಾಗದಲ್ಲಿ ಬರುತ್ತದೆ. ಇಡೀ ಬಂಡಲಿನಲ್ಲಿ ಒಂದೇ ಜಾಗಕ್ಕೆ, ಒಂದೇ ಅಳತೆಗೆ ಬಂದರೆ ಅದು ಕಟಿಂಗ್ ತಪ್ಪು. ಹೊಸ ಹೆಲ್ಪರ್‌ಗೂ ಗೊತ್ತಾಗುತ್ತೆ. ಅದಕ್ಕೆ ಬಂದ ಉತ್ತರ, "ಹೊಲಿದಿದ್ದು ನೀನೇ ತಾನೆ? ನೋಡ್ಕೊಂಡು ಹೊಲಿಬೇಕಿತ್ತು."

ಮುಂದಿನ ವಾರ ಅದೇ ಬಂಡಲ್ ನಂಬರಿನ ಶರ್ಟುಗಳು ಪ್ಯಾಕಿಂಗ್ ಟೇಬಲ್ ಮೇಲೆ ಇದ್ದವು. ಆಲ್ಟರ್ ಮಾಡಿಸಿ, ಇಸ್ತ್ರಿ ಹೊಡೆದು, ಕವರಿಗೆ ಹಾಕುತ್ತಿದ್ದರು. ಮಾಲು ಹೋಯಿತು, ಬಿಲ್ಲೂ ಆಯಿತು, ನನ್ನ 1,200 ಮಾತ್ರ ಡ್ಯಾಮೇಜ್. ಕೇಳಿದರೆ "ಇಷ್ಟ ಇಲ್ಲ ಅಂದ್ರೆ ತಿಂಗಳ ಸಂಬಳದ ಫ್ಯಾಕ್ಟರಿಗೆ ಹೋಗಮ್ಮ."

ಹೋಗುತ್ತೇನೆ. ಆದರೆ ಅದಕ್ಕೂ ಮುಂಚೆ ಗೊತ್ತಿರಲಿ. ಪೀಸ್ ರೇಟಾದರೂ ಸರ್ಕಾರ ಗೊತ್ತು ಮಾಡಿದ ದಿನದ ಕನಿಷ್ಠ ಕೂಲಿಗಿಂತ ಕಮ್ಮಿ ಕೊಡುವ ಹಾಗಿಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಲ್ಲೂ ಹೀಗೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಹೀಗೇ ಇದೆ. ನಾವು ಬಂದು ಕೂತಿದ್ದು, ಅವರು ಕೆಲಸ ಕೊಡದೆ ಹೋದರೆ ಆ ದಿನದ ಕೂಲಿ ಕತ್ತರಿಸುವ ಹಾಗಿಲ್ಲ. ಡ್ಯಾಮೇಜ್ ಅಂತ ಹಿಡಿಯಬೇಕಾದರೆ ತಪ್ಪು ನಮ್ಮದೇ ಆಗಿರಬೇಕು, ಮೊದಲು ನಮ್ಮ ಮಾತು ಕೇಳಬೇಕು, ಆದ ನಷ್ಟಕ್ಕಿಂತ ಜಾಸ್ತಿ ಹಿಡಿಯಬಾರದು. ನನ್ನನ್ನು ಯಾರು ಕೇಳಿದರು? ಶರ್ಟು ಮಾರಿದ ಮೇಲೆ ನಷ್ಟ ಎಲ್ಲಿ?

ಸೇರುವ ದಿನವೇ ಕೇಳಿ: ಗ್ಯಾರಂಟಿ ದಿನದ್ದಾ, ವಾರದ್ದಾ? ರಿಜೆಕ್ಟ್ ಹಿಡಿದ ಮೇಲೂ ಅಷ್ಟು ಸಿಗುತ್ತಾ? ಬರೆದು ಕೊಡಿ ಅನ್ನಿ. ಕೊಡದಿದ್ದರೆ ಎದ್ದು ಬನ್ನಿ. ಬಂಡಲ್ ನಂಬರ್, ಪೀಸ್ ಲೆಕ್ಕ, ಕೆಲಸ ಇಲ್ಲದೆ ಕೂತ ಗಂಟೆ ದಿನಾ ನಿಮ್ಮದೇ ಪುಸ್ತಕದಲ್ಲಿ ಬರೆಯಿರಿ. ಬಂಡಲ್ ಅಳತೆ ಸರಿ ಇಲ್ಲ ಅನ್ನಿಸಿದರೆ ಹೊಲಿಯುವ ಮುಂಚೆಯೇ ಸೂಪರ್‌ವೈಸರ್‌ಗೆ ತೋರಿಸಿ, ಟಿಕೆಟ್ ಮೇಲೆ ಸಹಿ ಹಾಕಿಸಿ.

ನನ್ನ ಪುಸ್ತಕ ತಗೊಂಡು ಸೋಮವಾರ ಲೇಬರ್ ಆಫೀಸಿಗೆ ಹೋಗುತ್ತಿದ್ದೇನೆ. ಇದೇ ಥರ ಕಟ್ ಆದವರು ಯಾರಾದರೂ ಇದ್ದರೆ ನಿಮ್ಮ ಲೆಕ್ಕನೂ ತನ್ನಿ, ಒಟ್ಟಿಗೆ ಅರ್ಜಿ ಕೊಡೋಣ.